ಕಾಫಿ ಕರಾರಿನಲ್ಲಿ ‘ಓಟಿ’ ಅಂತ ಬರೆದರೆ ಸಾಲದು: 80,000 ರೂಪಾಯಿ ಜಗಳಕ್ಕೆ ಕಾರಣವಾದ ಒಂದು ಸಾಲು

ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು ಮತ್ತು ಚಿಕ್ಕಮಗಳೂರಿನ ವ್ಯಾಪಾರಿಯೊಬ್ಬರ ನಡುವೆ ಆದ ಕರಾರು ಇದು. ಸರಕು 200 ಚೀಲ ರೊಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು. ಸ್ಟಾಂಪ್ ಪೇಪರ್, ಸಾಕ್ಷಿಗಳು, ಸಹಿ ಎಲ್ಲವೂ ಸರಿಯಾಗಿದ್ದವು. ಎರಡನೇ ಪುಟದಲ್ಲಿ ‘ವ್ಯಾಖ್ಯೆಗಳು’ ಎಂಬ ಭಾಗವೂ ಇತ್ತು. ಆದರೂ ಲೋಡ್ ಹೋದ ಮೇಲೆ ಲೆಕ್ಕ ಕೂಡಲಿಲ್ಲ.

ದರ ನಿಗದಿಯಾಗಿದ್ದು ನಮ್ಮ ಕಡೆಯ ರೂಢಿಯಂತೆ ಓಟಿ ಮೇಲೆ. ಓಟಿ ಎಂದರೆ ಔಟ್‌ಟರ್ನ್: 50 ಕೆಜಿ ಚೆರಿ ಚೀಲದಿಂದ ಎಷ್ಟು ಕೆಜಿ ಬೀಜ ಬರುತ್ತದೋ ಅದು. ಅದನ್ನು ದರದಿಂದ ಗುಣಿಸಿದರೆ ಚೀಲದ ಬೆಲೆ. ಲೆಕ್ಕಕ್ಕೆ ಸುಲಭವಾಗಲೆಂದು ದರ 200 ರೂಪಾಯಿ ಎಂದಿಟ್ಟುಕೊಳ್ಳಿ. ಬೆಳೆಗಾರರು ಸಿಪ್ಪೆ ತೆಗೆಸಿ ನೋಡಿದಾಗ ಓಟಿ 27 ಬಂದಿತ್ತು. ಚೀಲಕ್ಕೆ 5,400 ರೂಪಾಯಿ. ವ್ಯಾಪಾರಿ ಅದೇ ಮಾದರಿಯಿಂದ ಕಪ್ಪು ಬೀಜ ಮತ್ತು ಒಡೆದ ಚೂರುಗಳಾದ ಬಿಟ್ಸ್ ಆರಿಸಿ ತೆಗೆದು 25 ಎಂದರು, ಚೀಲಕ್ಕೆ 5,000. ಚೀಲಕ್ಕೆ 400ರಂತೆ 200 ಚೀಲಕ್ಕೆ 80,000 ರೂಪಾಯಿ ವ್ಯತ್ಯಾಸ. ಇಬ್ಬರ ತಕ್ಕಡಿಯೂ ಸರಿಯಾಗಿತ್ತು, ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ಹಾಗಾದರೆ ಕರಾರು ಏನು ಹೇಳುತ್ತಿತ್ತು? ವ್ಯಾಖ್ಯೆಗಳ ಪುಟದಲ್ಲಿ ‘ಪಕ್ಷಗಾರರು’, ‘ಕಾನೂನು’, ‘ಬರಹ ರೂಪದ ನೋಟಿಸ್’ ಎಂದು ಯಾರಿಗೂ ಅನುಮಾನವಿಲ್ಲದ ಪದಗಳಿಗೆಲ್ಲ ಅರ್ಥ ಕೊಟ್ಟಿದ್ದರು. ಬೇರೆ ಯಾವುದೋ ಕರಾರಿನಿಂದ ಎತ್ತಿ ತಂದ ಪುಟ ಎಂಬುದು ನೋಡಿದ ಕೂಡಲೇ ತಿಳಿಯುತ್ತಿತ್ತು. ಕೊನೆಯಲ್ಲಿ ಸೇರಿಸಿದ್ದು ಎರಡೇ ಸಾಲು:

“ಕಾಫಿ ಎಂದರೆ ಈ ಕರಾರಿನಡಿ ಮಾರುವ ರೊಬಸ್ಟಾ ಚೆರಿ.”
“ಓಟಿ ಎಂದರೆ ಒಂದು ಚೀಲದಿಂದ ಸಿಗುವ ಕಾಫಿ.”

ಈಗ ಎರಡನೇ ಸಾಲಿನ ‘ಕಾಫಿ’ ಇದ್ದ ಜಾಗಕ್ಕೆ ಮೊದಲ ಸಾಲಿನ ಅರ್ಥ ಹಾಕಿ ಓದಿ. ‘ಓಟಿ ಎಂದರೆ ಒಂದು ಚೀಲದಿಂದ ಸಿಗುವ ಚೆರಿ.’ ಅಕ್ಷರಶಃ ಹಿಡಿದರೆ ಓಟಿ ಯಾವಾಗಲೂ 50! ಅರ್ಥವನ್ನು ಪದದ ಜಾಗದಲ್ಲಿಟ್ಟು ಓದುವ ಈ ಪರೀಕ್ಷೆಗೆ ಹತ್ತು ನಿಮಿಷ ಸಾಕು. ಸಹಿಗೆ ಮೊದಲು ಪ್ರತಿ ವ್ಯಾಖ್ಯೆಗೂ, ಆ ಪದ ಬರುವ ಪ್ರತಿ ಷರತ್ತಿಗೂ ಇದನ್ನು ಮಾಡಿ. ವಾಕ್ಯ ಎಲ್ಲಿ ನಗೆಪಾಟಲಾಗುತ್ತದೋ ಅಲ್ಲೇ ಒಂದು ಪದ ಎರಡು ಕೆಲಸ ಮಾಡುತ್ತಿದೆ ಎಂದರ್ಥ.

‘ಚೀಲ’ದ ಕಥೆಯೂ ಅದೇ. ಬೆಲೆಯ ಷರತ್ತಿನಲ್ಲಿ ಚೀಲ ಎಂದರೆ 50 ಕೆಜಿಯ ಅಳತೆ. ಮುಂದಿನ ಪುಟದಲ್ಲಿ “ಚೀಲಗಳನ್ನು ಕೊಳ್ಳುವವರು ಒದಗಿಸಬೇಕು” ಎಂದಿತ್ತು. ಅಲ್ಲಿ ಅದು ಬರೀ ಗೋಣಿ. ತೂಕದ ಷರತ್ತಿನಲ್ಲಿ ಗೋಣಿಯ ತೂಕ ಸೇರಿದೆಯೋ ಇಲ್ಲವೋ ಎಂಬ ಮಾತೇ ಇಲ್ಲ. ಒಂದು ಗೋಣಿ ಒಂದು ಕೆಜಿ ತೂಗಿದರೂ 200 ಕೆಜಿ, ಅಂದರೆ ನಾಲ್ಕು ಚೀಲ ಚೆರಿ. ಅಳತೆಗೆ ‘ಚೀಲ’, ವಸ್ತುವಿಗೆ ‘ಗೋಣಿ’ ಎಂದು ಬೇರೆ ಬೇರೆ ಪದ ಇಟ್ಟಿದ್ದರೆ ಮುಗಿಯುತ್ತಿತ್ತು. ಶಾಲೆಯ ಪ್ರಬಂಧದಲ್ಲಿ ಒಂದೇ ಪದ ಮತ್ತೆ ಮತ್ತೆ ಬಂದರೆ ಮೇಷ್ಟ್ರು ಬೇಸರಪಡುತ್ತಾರೆ. ಕರಾರಿನಲ್ಲಿ ಹಾಗೆ ಬರುವುದೇ ಬೇಕಾದದ್ದು.

ಆ ಪುಟ ಹೀಗಿರಬೇಕಿತ್ತು:

“‘ಚೀಲ’ ಎಂದರೆ 50 ಕೆಜಿ ನಿವ್ವಳ ತೂಕದ ಚೆರಿ, ಗೋಣಿಯ ತೂಕ ಸೇರಿಲ್ಲ.
‘ಕ್ಲೀನ್ ಕಾಫಿ’ ಎಂದರೆ ಚೆರಿಯ ಸಿಪ್ಪೆ ತೆಗೆದ ಮೇಲೆ ಉಳಿಯುವ ಬೀಜ. ಕಪ್ಪು ಬೀಜ ಮತ್ತು ಬಿಟ್ಸ್ ಸೇರಿವೆ. ಸಿಪ್ಪೆ, ಕಲ್ಲು, ಕಡ್ಡಿ ಸೇರಿಲ್ಲ.
‘ಓಟಿ’ ಎಂದರೆ ಅನುಬಂಧ 1ರ ಕ್ರಮದಲ್ಲಿ ಅಳೆದಂತೆ, ಒಂದು ಚೀಲದಿಂದ ಸಿಗುವ ಕ್ಲೀನ್ ಕಾಫಿಯ ತೂಕ, ಕೆಜಿಗಳಲ್ಲಿ.”

ಕಪ್ಪು, ಬಿಟ್ಸ್ ಸೇರಬೇಕೋ ಬೇಡವೋ ಎಂಬುದು ನಿಮ್ಮಿಬ್ಬರ ಚೌಕಾಸಿ. ಯಾವುದಾದರೂ ಒಂದನ್ನು ಬರೆಯಲೇಬೇಕು, ಅಷ್ಟೇ. ಇಲ್ಲಿ ‘ಎಂದರೆ’ ಎಂಬ ಪದವನ್ನೇ ಬಳಸಿರುವುದನ್ನು ಗಮನಿಸಿ. ‘ಎಂದರೆ’ ಅರ್ಥಕ್ಕೆ ಬೇಲಿ ಹಾಕುತ್ತದೆ. ‘ಒಳಗೊಂಡಿರುತ್ತದೆ’ ಎಂದು ಬರೆದರೆ ಹೇಳಿದ್ದೂ ಸೇರಿ ಇನ್ನೂ ಏನೋ ಇದೆ ಎಂದು ಬೇಲಿ ತೆರೆದೇ ಇರುತ್ತದೆ. ಹಣ ಲೆಕ್ಕ ಹಾಕುವ ಪದಕ್ಕೆ ಅದು ಬೇಡ. ‘ಎಂದರೆ ಮತ್ತು ಒಳಗೊಂಡಿರುತ್ತದೆ’ ಎಂದು ಎರಡನ್ನೂ ಜೋಡಿಸುವವರಿದ್ದಾರೆ. ಬೇಲಿ ಹಾಕಿ ಗೇಟು ತೆಗೆದಿಟ್ಟಂತೆ.

ಮಾದರಿ ತೆಗೆಯುವ ಕ್ರಮವನ್ನಾಗಲಿ, ಹಣ ಕೊಡುವ ಹೊಣೆಯನ್ನಾಗಲಿ ವ್ಯಾಖ್ಯೆಯೊಳಗೆ ತುರುಕಬೇಡಿ. ‘ಓಟಿ ಎಂದರೆ... ಮತ್ತು ವ್ಯಾಪಾರಿ ಏಳು ದಿನದಲ್ಲಿ ಹಣ ಕೊಡಬೇಕು’ ಎಂಬಂಥ ಸಾಲು ಬರೆದರೆ ಹಣ ಕೊಡುವ ಹೊಣೆಯನ್ನು ವ್ಯಾಖ್ಯೆಯ ಪುಟದಲ್ಲಿ ಯಾರೂ ಹುಡುಕುವುದಿಲ್ಲ. ವ್ಯಾಖ್ಯೆ ಅರ್ಥ ಹೇಳಲಿ, ಷರತ್ತು ಕೆಲಸ ಹೇಳಲಿ, ಅನುಬಂಧ ಅಳೆಯುವ ಬಗೆ ಹೇಳಲಿ. ಎಷ್ಟು ಚೀಲಕ್ಕೊಮ್ಮೆ ಮಾದರಿ, ಎಲ್ಲಿ, ಯಾರ ಎದುರು ಎಂಬುದು ಅನುಬಂಧದ ವಿಷಯ. ಮಾದರಿಯನ್ನು ಬೆರೆಸಿ ಮೂರು ಪೊಟ್ಟಣ ಮಾಡಿ ಸೀಲ್ ಹಾಕಿ, ಮೂರನೆಯದನ್ನು ಇಬ್ಬರೂ ಒಪ್ಪಿದವರ ಬಳಿ ಇಟ್ಟರೆ ತಕರಾರು ಬಂದಾಗ ತೆರೆಯಲು ಏನಾದರೂ ಇರುತ್ತದೆ.

ತೇವಾಂಶಕ್ಕೂ ಹೀಗೆಯೇ. “11%ಗಿಂತ ಹೆಚ್ಚಿದ್ದರೆ ತೂಕ ಕಡಿತ” ಎಂದಷ್ಟೇ ಬರೆದರೆ ಎರಡು ಲೆಕ್ಕ ಸಾಧ್ಯ. 10,000 ಕೆಜಿ ಚೆರಿಯ ತೇವಾಂಶ 13% ಬಂದರೆ, ಒಬ್ಬರು ನೇರ 2% ಅಂದರೆ 200 ಕೆಜಿ ಕಳೆಯುತ್ತಾರೆ. ಇನ್ನೊಬ್ಬರು ಒಣ ಅಂಶ ಹಿಡಿದು 10,000 × 87 ÷ 89 ಮಾಡಿ 9,775ಕ್ಕೆ ಇಳಿಸುತ್ತಾರೆ, ಕಡಿತ 225. ಅರ್ಧ ಚೀಲದ ಅಂತರ. ಸೂತ್ರವನ್ನೇ ಬರೆದುಬಿಡಿ:

```
ಸರಿಪಡಿಸಿದ ತೂಕ = ನಿವ್ವಳ ತೂಕ × (100 − ಅಳೆದ ತೇವಾಂಶ) ÷ 89
```

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ. ಇಂಗ್ಲಿಷ್ ಕರಾರುಗಳಲ್ಲಿ ದೊಡ್ಡಕ್ಷರ ನೋಡಿದರೆ ಇದು ವ್ಯಾಖ್ಯೆ ಇರುವ ಪದ ಎಂದು ಗೊತ್ತಾಗುತ್ತದೆ. ನಮ್ಮ ಲಿಪಿಯಲ್ಲಿ ಆ ಅನುಕೂಲವಿಲ್ಲ. ವ್ಯಾಖ್ಯೆ ಇರುವ ಪದವನ್ನು ಪತ್ರದುದ್ದಕ್ಕೂ ದಪ್ಪ ಅಕ್ಷರದಲ್ಲಿಡಿ, ಹಾಗೆಂದು ಮೊದಲೇ ಒಂದು ಸಾಲು ಬರೆಯಿರಿ. ಆಮೇಲೆ ಕಂಪ್ಯೂಟರಿನಲ್ಲಿ ಹುಡುಕಿ ನೋಡಿ. ಒಂದೇ ಪತ್ರದಲ್ಲಿ ‘ಚೆರಿ’, ‘ಚೆರ್ರಿ’ ಎರಡೂ ಇರುವುದು ಸಾಮಾನ್ಯ. ‘ಔಟ್‌ಟರ್ನ್’ ಇನ್ನೂ ಮೋಸ: ಒತ್ತಕ್ಷರ ಆಗದಂತೆ ನಡುವೆ ಕಾಣದ ಅಕ್ಷರವೊಂದನ್ನು (`U+200C`) ಟೈಪ್ ಮಾಡಿರುತ್ತಾರೆ. ಅದಿಲ್ಲದೆ ಹುಡುಕಿದರೆ ಕಣ್ಣೆದುರಿನ ಪದವೂ ಸಿಗದೆ ಹೋಗಬಹುದು. ‘ಓಟಿ’ ಎಂದು ಚಿಕ್ಕದಾಗಿ ಇಟ್ಟುಕೊಳ್ಳುವುದೇ ವಾಸಿ. ವಿಭಕ್ತಿ ಸೇರಿದ ರೂಪಗಳೂ ಸಿಗಬೇಕಾದ್ದರಿಂದ ಪೂರ್ತಿ ಪದಕ್ಕಲ್ಲ, ಮೂಲರೂಪಕ್ಕೆ ಹುಡುಕಿ. ಪತ್ರದಲ್ಲಿ ಎಲ್ಲೂ ಸಿಗದ ಪದದ ವ್ಯಾಖ್ಯೆಯನ್ನು ಹೊಡೆದುಹಾಕಿ.

‘ಊರಲ್ಲಿ ಎಲ್ಲರಿಗೂ ಗೊತ್ತು ಬಿಡಿ’ ಎನ್ನುವವರಿಗೆ: 1872ರ ಭಾರತೀಯ ಕರಾರು ಕಾಯ್ದೆಯ 29ನೇ ಕಲಂ ಪ್ರಕಾರ ಅರ್ಥ ಖಚಿತವಿಲ್ಲದ, ಖಚಿತಪಡಿಸಲೂ ಆಗದ ಒಪ್ಪಂದ ಶೂನ್ಯ. ಅದೇ ಕಲಮಿನ ಉದಾಹರಣೆಯಲ್ಲಿ ನೂರು ಟನ್ ಎಣ್ಣೆ ಮಾರುತ್ತೇನೆ ಎಂದವನ ಒಪ್ಪಂದ, ಯಾವ ಎಣ್ಣೆ ಎಂದು ತಿಳಿಯದ್ದಕ್ಕೆ ಬೀಳುತ್ತದೆ. ಮಾರುವವನು ತೆಂಗಿನೆಣ್ಣೆ ಮಾತ್ರ ಮಾರುವ ವ್ಯಾಪಾರಿಯಾದರೆ ಉಳಿಯುತ್ತದೆ. ಅಂದರೆ ವ್ಯಾಪಾರದ ರೂಢಿಗೆ ಬೆಲೆಯಿದೆ. ಆದರೆ ಕಪ್ಪು, ಬಿಟ್ಸ್ ವಿಷಯದಲ್ಲಿ ಇಬ್ಬರೂ ಒಂದೊಂದು ರೂಢಿ ಹೇಳಿದರೆ, ಯಾವುದು ನಿಜವಾದ ರೂಢಿ ಎಂದು ಸಾಬೀತು ಮಾಡುವ ಖರ್ಚು 80,000ವನ್ನೇ ತಿಂದುಬಿಡಬಹುದು.

ಕರಾರು ಕನ್ನಡ, ಇಂಗ್ಲಿಷ್ ಎರಡರಲ್ಲೂ ಇದ್ದರೆ ಯಾವ ಪ್ರತಿಯ ಅರ್ಥ ನಿಲ್ಲುತ್ತದೆ ಎಂದು ವ್ಯಾಖ್ಯೆಗಳ ಪುಟದಲ್ಲೇ ಬರೆಯಿರಿ. ಈ ಪ್ರಕರಣದ ಇಂಗ್ಲಿಷ್ ಪ್ರತಿಯಲ್ಲಿ ಓಟಿಯ ವ್ಯಾಖ್ಯೆಯೇ ಇರಲಿಲ್ಲ.