ಟೀಚರ್ ನ್ಯೂಯಾರ್ಕಿನಲ್ಲಿ, ಪಾಠ ನಮ್ಮ ಮನೆಯಲ್ಲಿ: ಯಾರ ಗಡಿಯಾರ ಹಿಡಿದರೆ ಟೈಮ್‌ಟೇಬಲ್ ಉಳಿಯುತ್ತದೆ?

ಮಗಳಿಗೆ ಪ್ರತಿ ಶನಿವಾರ ಸಂಜೆ ಒಂದು ಗಂಟೆ ಆನ್‌ಲೈನ್ ಗಣಿತ ಪಾಠ. ಹೇಳಿಕೊಡುವ ಮೇಡಂ ಇರುವುದು ನ್ಯೂಯಾರ್ಕಿನಲ್ಲಿ. ನಮ್ಮ ಗಡಿಯಾರ ವರ್ಷವಿಡೀ ಒಂದೇ ಥರ ಓಡುತ್ತದೆ. ಅಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ನವೆಂಬರ್ ಮೊದಲ ಭಾನುವಾರ ಮತ್ತೆ ಹಿಂದಕ್ಕೆ. ಹಾಗಾಗಿ ಚಳಿಗಾಲದಲ್ಲಿ ನಮಗೂ ಅವರಿಗೂ ಹತ್ತೂವರೆ ಗಂಟೆ ಅಂತರ, ಉಳಿದ ಕಾಲದಲ್ಲಿ ಒಂಬತ್ತೂವರೆ. ವಾರದ ಪಾಠ ಅಂದಮೇಲೆ ಯಾರಾದರೂ ಒಬ್ಬರ ಕಡೆ ಆ ಒಂದು ಗಂಟೆ ಜಾರಲೇಬೇಕು. ಯಾರ ಕಡೆ ಜಾರಿದರೆ ಕಷ್ಟ ಕಡಿಮೆ ಅನ್ನುವುದೇ ಪ್ರಶ್ನೆ. ನಾವು ಒಂದೊಂದನ್ನೂ ಮಾಡಿ ನೋಡಿದೆವು.

ಲೆಕ್ಕ ಹೀಗೆ. ಜನವರಿಯಲ್ಲಿ ನಮ್ಮ ಸಂಜೆ 7:30 ಅಂದರೆ ಅಲ್ಲಿ ಬೆಳಿಗ್ಗೆ 9:00. ಪಟ್ಟಿಯಲ್ಲಿರುವ ಯುಟಿಸಿ ಅಂದರೆ ಇಡೀ ಜಗತ್ತಿಗೆ ಒಂದೇ ಆದ, ಯಾವ ಕಾಲದಲ್ಲೂ ಮುಂದೆ ಹಿಂದೆ ತಿರುಗಿಸದ ಸಮಯ.

| ಯಾವುದನ್ನು ಕದಲಿಸದೆ ಇಟ್ಟರೆ | ಜನವರಿಯಲ್ಲಿ | ಜುಲೈನಲ್ಲಿ |
|---|---|---|
| ನಮ್ಮ ಗಡಿಯಾರ | ಇಲ್ಲಿ 7:30, ಅಲ್ಲಿ 9:00 | ಇಲ್ಲಿ 7:30, ಅಲ್ಲಿ 10:00 |
| ಯುಟಿಸಿ 14:00 | ಇಲ್ಲಿ 7:30, ಅಲ್ಲಿ 9:00 | ಇಲ್ಲಿ 7:30, ಅಲ್ಲಿ 10:00 |
| ಟೀಚರ್ ಗಡಿಯಾರ | ಇಲ್ಲಿ 7:30, ಅಲ್ಲಿ 9:00 | ಇಲ್ಲಿ 6:30, ಅಲ್ಲಿ 9:00 |

ಮೊದಲ ಎರಡು ಸಾಲು ಒಂದೇ ಥರ ಇವೆ, ನೋಡಿದಿರಾ? "ಎಲ್ಲ ಯುಟಿಸಿಯಲ್ಲಿ ಬರೆದುಬಿಡಿ, ತಲೆನೋವೇ ಇರಲ್ಲ" ಅಂತ ಸಲಹೆ ಕೊಡುವವರು ಜಾಸ್ತಿ. ಭಾರತದ ಸಮಯ ಯಾವಾಗಲೂ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ, ಅದು ಬದಲಾಗುವುದೇ ಇಲ್ಲ. ಆದ್ದರಿಂದ ನಮಗೆ ಯುಟಿಸಿ ಅಂದರೆ ನಮ್ಮದೇ ಗಡಿಯಾರ, ಇನ್ನೊಂದು ಹೆಸರಿನಲ್ಲಿ. ಜಾರುವ ಗಂಟೆ ಪೂರ್ತಿ ಟೀಚರ್ ತಲೆಗೇ ಬೀಳುತ್ತದೆ. ಇನ್ನು ಶಿಷ್ಯರ ಊರಲ್ಲೂ ಗಡಿಯಾರ ತಿರುಗಿಸುತ್ತಾರೆ ಅಂದರೆ ಯುಟಿಸಿಯಿಂದ ಇಬ್ಬರಿಗೂ ಪಾಠ ಜಾರುತ್ತದೆ, ಲಾಭ ಯಾರಿಗೂ ಇಲ್ಲ. ಅದನ್ನು ಪಟ್ಟಿಯಿಂದ ತೆಗೆದುಬಿಡಿ.

ನಮ್ಮ ಗಡಿಯಾರಕ್ಕೆ ಕಟ್ಟಿದ್ದಾಗ ಮನೆಯಲ್ಲಿ ಆರಾಮಾಗಿತ್ತು. ಶನಿವಾರ ಏಳೂವರೆ ಅಂದರೆ ಪಾಠ, ಕೇಳುವುದೇ ಬೇಡ. ತೊಂದರೆ ಕಾಣಿಸಿದ್ದು ಆ ಕಡೆ. ಮೇಡಂಗೆ ನಮ್ಮ ಮಗಳೊಬ್ಬಳೇ ಶಿಷ್ಯೆ ಅಲ್ಲ, ಅವರ ಊರಿನದೇ ಒಬ್ಬ ಹುಡುಗನಿಗೆ ಶನಿವಾರ ಹತ್ತು ಗಂಟೆಗೆ ಪಾಠ ಇದೆ. ಚಳಿಗಾಲವಿಡೀ ನಮ್ಮದು ಒಂಬತ್ತಕ್ಕೆ, ಅವನದು ಹತ್ತಕ್ಕೆ, ಒಂದರ ಹಿಂದೆ ಒಂದು ಚೆನ್ನಾಗಿ ಕೂತಿತ್ತು. ಮಾರ್ಚ್‌ನಲ್ಲಿ ಗಡಿಯಾರ ತಿರುಗಿದ ಕೂಡಲೇ ನಮ್ಮ ಪಾಠ ಹೋಗಿ ಅವನ ಹತ್ತು ಗಂಟೆಯ ಮೇಲೇ ಕೂತಿತು. ಅವನನ್ನು ಹನ್ನೊಂದಕ್ಕೆ ಸರಿಸಿದರೆ ಅಲ್ಲಿ ಇನ್ಯಾರೋ ಇರುತ್ತಾರೆ. ಒಬ್ಬ ಟೀಚರಿಗೆ ಬೇರೆ ಬೇರೆ ದೇಶದ ಶಿಷ್ಯರಿದ್ದು, ಪ್ರತಿಯೊಬ್ಬರೂ ತಮ್ಮ ತಮ್ಮ ಗಡಿಯಾರವೇ ನಡೆಯಬೇಕು ಅಂದರೆ, ವರ್ಷಕ್ಕೆ ಎರಡು ಸಲ ಅವರ ಇಡೀ ದಿನ ಕಲಸಿಹೋಗುತ್ತದೆ. ಆದ್ದರಿಂದಲೇ ಶಿಷ್ಯರು ಜಾಸ್ತಿ ಇರುವ ಟೀಚರುಗಳು "ನನ್ನ ಸಮಯಕ್ಕೇ ಬನ್ನಿ" ಅನ್ನುವುದು, ಅದರಲ್ಲಿ ಜಂಬ ಏನಿಲ್ಲ.

ಕಡೆಗೆ ನಾವು ಒಪ್ಪಿಕೊಂಡಿದ್ದು ಟೀಚರ್ ಗಡಿಯಾರವನ್ನೇ. ಆದರೆ ಅದು ನಡೆಯುವುದು ಒಂದು ಷರತ್ತಿನ ಮೇಲೆ: ಪಾಠ ಒಂದೇ ಗಂಟೆಯಾದರೂ ಮನೆಯಲ್ಲಿ ಎರಡು ಗಂಟೆ ಖಾಲಿ ಇಡಬೇಕು. ನಮ್ಮಲ್ಲಿ ಶನಿವಾರ 6:30ರಿಂದ 8:30ರವರೆಗೆ ವರ್ಷವಿಡೀ ಬೇರೆ ಏನೂ ಇಲ್ಲ. ಬೇಸಿಗೆಯಲ್ಲಿ ಮೊದಲ ಗಂಟೆ ಪಾಠ, ಎರಡನೆಯದು ಹೋಂವರ್ಕ್. ಚಳಿಗಾಲದಲ್ಲಿ ಉಲ್ಟಾ. ಶನಿವಾರ ಆರೂಮುಕ್ಕಾಲಿಗೆ ಮುಗಿಯುವ ಇನ್ನೊಂದು ಕ್ಲಾಸಿಗೆ ಸೇರಿಸೋಣ ಅಂದುಕೊಂಡಿದ್ದೆವು, ಜನವರಿಯಲ್ಲಿ ನೋಡಿದರೆ ಅದು ಸಲೀಸಾಗಿ ಹಿಡಿಸುತ್ತಿತ್ತು, ಮಾರ್ಚ್ 14ರ ಶನಿವಾರದ ಸಮಯ ತೆಗೆದು ನೋಡಿದ ಮೇಲೆ ಕೈಬಿಟ್ಟೆವು.

ಎರಡು ಟೈಮ್‌ಟೇಬಲ್ ಇಟ್ಟುಕೊಂಡು, ಮಾರ್ಚ್‌ನಲ್ಲಿ ಒಂದು, ನವೆಂಬರ್‌ನಲ್ಲಿ ಇನ್ನೊಂದು ಅಂತ ಬದಲಾಯಿಸುವ ದಾರಿಯೂ ಇದೆ. ಕಾಗದದ ಮೇಲೆ ಚೆಂದ. ಯಾರಾದರೂ ನೆನಪಿಟ್ಟುಕೊಂಡು ಬದಲಾಯಿಸಬೇಕು, ಅಷ್ಟೇ ಅದರ ದೋಷ.

ಈಗ ಕ್ಯಾಲೆಂಡರ್ ಆ್ಯಪ್ ವಿಷಯ. ವಾರವಾರದ ಪಾಠವನ್ನು ಯಾರ ಫೋನಿನಲ್ಲಿ ಹಾಕಿದರೆ ಏನಂತೆ ಅನ್ನಿಸಬಹುದು, ಆದರೆ ಪೂರ್ತಿ ಆಟ ಇರುವುದೇ ಅಲ್ಲಿ. ನಾನು ಹಾಕಿದರೆ ಸಾಮಾನ್ಯವಾಗಿ ಅದು ಭಾರತದ ಸಮಯಕ್ಕೆ ಅಂಟಿಕೊಳ್ಳುತ್ತದೆ, ಮೇಡಂ ಹಾಕಿದರೆ ನ್ಯೂಯಾರ್ಕ್ ಸಮಯಕ್ಕೆ. ಜನವರಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ವ್ಯತ್ಯಾಸ ಗೊತ್ತಾಗುವುದು ಮಾರ್ಚ್‌ನಲ್ಲಿ. ಈಗ ಮೇಡಂ ಹಾಕಿ ನಮಗೆ ಕಳಿಸುತ್ತಾರೆ. ಆ ಫೈಲ್ ಬಿಚ್ಚಿ ನೋಡಿದರೆ ಒಳಗೆ ಹೀಗಿರುತ್ತದೆ:

```
DTSTART;TZID=America/New_York:20260117T090000
RRULE:FREQ=WEEKLY;BYDAY=SA
```

ಊರಿನ ಹೆಸರು ಇದೆ ಅಲ್ವಾ, ಅದೇ ಮುಖ್ಯ. ಹೆಸರಿದ್ದರೆ ಗಡಿಯಾರ ತಿರುಗಿಸುವ ನಿಯಮವನ್ನು ಆ್ಯಪ್ ತಾನೇ ಹಿಡಿಯುತ್ತದೆ. ಅದರ ಬದಲು ಸಮಯದ ಕೊನೆಯಲ್ಲಿ `Z` ಇದ್ದರೆ ಅದು ಯುಟಿಸಿ, ಜಾರುವುದಿಲ್ಲ. ಮೆಸೇಜಿನಲ್ಲಿ ಬರೆಯುವಾಗಲೂ "9 ಗಂಟೆ EST" ಅನ್ನಬೇಡಿ, "ನ್ಯೂಯಾರ್ಕ್ 9 ಗಂಟೆ" ಅನ್ನಿ. EST ಅನ್ನುವುದು ಚಳಿಗಾಲದ ಹೆಸರು, ಬೇಸಿಗೆಯದು EDT. ಜುಲೈನಲ್ಲಿ ಯಾರಾದರೂ EST ಅಂತ ಬರೆದು, ಓದಿದವರು ಅದನ್ನು ನಂಬಿ ಲೆಕ್ಕ ಹಾಕಿದರೆ, ಒಂದು ಗಂಟೆ ತಡವಾಗಿ ಬಂದು ಕೂರುತ್ತಾರೆ.

ಫೈಲ್ ಬಿಚ್ಚುವ ಗೋಜು ಬೇಡ ಅನ್ನುವವರಿಗೆ ಸುಲಭದ ಪರೀಕ್ಷೆ: ಕ್ಯಾಲೆಂಡರಿನಲ್ಲಿ ಮುಂದಿನ ಜುಲೈನ ಒಂದು ಶನಿವಾರ ತೆಗೆಯಿರಿ, ಆಮೇಲೆ ಜನವರಿಯದೊಂದು. ನಿಮ್ಮ ಫೋನಿನಲ್ಲಿ ಎರಡಕ್ಕೂ ಒಂದೇ ಸಮಯ ತೋರಿಸಿದರೆ ಅದು ನಮ್ಮ ಗಡಿಯಾರಕ್ಕೋ ಯುಟಿಸಿಗೋ ಕಟ್ಟಿದ ಪಾಠ. ಒಂದು ಗಂಟೆ ಬೇರೆ ಬಂದರೆ ಟೀಚರ್ ಗಡಿಯಾರಕ್ಕೆ ಕಟ್ಟಿದ್ದು.

ವಾರ ಆರಿಸುವಾಗ ಭಾನುವಾರ ತಪ್ಪಿಸಿದರೆ ಒಳ್ಳೆಯದು. ಅಮೆರಿಕದ ಗಡಿಯಾರ ಬದಲಾಗುವುದು ಭಾನುವಾರ ನಸುಕಿನ ಎರಡು ಗಂಟೆಗೆ, ಅಂದರೆ ನ್ಯೂಯಾರ್ಕಿನ ಲೆಕ್ಕದಲ್ಲಿ ಮಾರ್ಚ್‌ನಲ್ಲಿ ನಮ್ಮ ಭಾನುವಾರ ಮಧ್ಯಾಹ್ನ 12:30. ಬೆಳಗಿನ ಪಾಠಕ್ಕೆ ಹಳೇ ಅಂತರ, ಅದೇ ದಿನ ಸಂಜೆಯ ಪಾಠಕ್ಕೆ ಹೊಸ ಅಂತರ. ಶನಿವಾರವಾದರೆ ಎಲ್ಲರಿಗೂ ವಿಷಯ ತಿಳಿಯಲು ಒಂದು ವಾರ ಸಿಗುತ್ತದೆ.

ಟೀಚರ್ ಗಡಿಯಾರವೇ ಎಲ್ಲರಿಗೂ ಸರಿ ಅಂತ ನಾನು ಹೇಳುವುದಿಲ್ಲ. ನಮ್ಮ ಬೆಳಿಗ್ಗೆ ಪಾಠ ಬೇಕು ಅನ್ನುವವರಿಗೆ ಅದು ನಡೆಯಲ್ಲ. ಅಲ್ಲಿ ಶುಕ್ರವಾರ ರಾತ್ರಿ ಎಂಟು ಅಂದರೆ ನಮಗೆ ಚಳಿಗಾಲದಲ್ಲಿ ಶನಿವಾರ ಬೆಳಿಗ್ಗೆ 6:30, ಬೇಸಿಗೆಯಲ್ಲಿ 5:30. ಐದೂವರೆಗೆ ಮಗುವನ್ನು ಎಬ್ಬಿಸಿ ಬೀಜಗಣಿತ ಹೇಳಿಸುವುದು ಯಾರಿಗೆ ಬೇಕು? ಅಂಥಲ್ಲಿ ನಮ್ಮ 6:30 ಕದಲದೆ ಇರಲಿ, ಟೀಚರಿಗೆ ಬೇಸಿಗೆಯಲ್ಲಿ ರಾತ್ರಿ ಒಂಬತ್ತಾಗುತ್ತದೆ, ಅವರು ಒಪ್ಪಿದರೆ ಸಾಕು. ಅವರ ದಿನದಲ್ಲಿ ಅದೇ ಕೊನೆಯ ಪಾಠವಾಗಿದ್ದರೆ ಹಿಂದೆ ಮುಂದೆ ಯಾರಿಗೂ ತಾಗುವುದಿಲ್ಲ, ಹಾಗಾಗಿ ಒಪ್ಪುವುದೂ ಸುಲಭ. ಆಗ ಕ್ಯಾಲೆಂಡರಿನಲ್ಲಿ ಪಾಠ ಹಾಕಬೇಕಾದವರು ನೀವು.