ಮಾಕಪ್ ನೋಡಿ ಹಣ ಕೊಡಬೇಡಿ, ಮೊದಲು ಅಳತೆ ಕೇಳಿ

ಹೊಸ ಲೋಗೋಗೆ ಟೀ ಶರ್ಟ್, ಕ್ಯಾಪ್ ಮಾಕಪ್, ಅಂದರೆ ಲೋಗೋ ಹಾಕಿದ ಮೇಲೆ ಹೇಗೆ ಕಾಣುತ್ತೆ ಅಂತ ತೋರಿಸೋ ಚಿತ್ರ, ಮಾಡಿಸೋರು ದಯವಿಟ್ಟು ಇದನ್ನು ಓದಿ. ನನಗಾದ ಅವಮಾನ ನಿಮಗೆ ಆಗಬಾರದು.

ಡಿಸೈನರ್ ಕಳಿಸಿದ ಚಿತ್ರಗಳು ನಿಜವಾದ ಫೋಟೋ ತರಾನೇ ಇದ್ದವು. ಬಟ್ಟೆಯ ಮಡಿಕೆ, ನೆರಳು ಎಲ್ಲ ಇತ್ತು. ಖುಷಿಯಿಂದ ಪೂರ್ತಿ ಹಣ ಕೊಟ್ಟೆ. ನಮ್ಮ ತಂಡದವರಿಗೆಲ್ಲ ತೋರಿಸಿಯೂ ಆಯಿತು. ಆಮೇಲೆ ಕ್ಯಾಪಿಗೆ ಕಸೂತಿ ಹಾಕುವವರು ಒಂದೇ ಪ್ರಶ್ನೆ ಕೇಳಿದರು: "ಲೋಗೋ ಎಷ್ಟು ಎತ್ತರ ಬರಬೇಕು?" ನನಗೆ ಗೊತ್ತಿರಲಿಲ್ಲ. ಡಿಸೈನರ್‌ನ ಕೇಳಿದೆ.

"3000 ಪಿಕ್ಸೆಲ್ ಇದೆ, ಸಾಕಲ್ವಾ?"

ನಾನು ಕೇಳಿದ್ದು ಸೆಂಟಿಮೀಟರ್! ಮತ್ತೆ ಕೇಳಿದೆ. "ಅದನ್ನು ಅವರೇ ನೋಡ್ಕೋತಾರೆ" ಅಂದ. ಅಂದರೆ ಅಳತೆಯನ್ನು ಯೋಚನೆಯೇ ಮಾಡಿಲ್ಲ. ಆಗಲೇ ನನಗೆ ಹೊಟ್ಟೆಯಲ್ಲಿ ತಳಮಳ ಶುರುವಾಗಿದ್ದು.

ಮಾಕಪ್‌ನಲ್ಲಿ ಲೋಗೋ ಕ್ಯಾಪಿನ ಮುಂಭಾಗವನ್ನೆಲ್ಲ ತುಂಬಿತ್ತು, ಎತ್ತರ ಸುಮಾರು 9 ಸೆಂ.ಮೀ. ಕಸೂತಿಯವರು ಹೇಳಿದ್ದು, ಮುಂಭಾಗದಲ್ಲಿ 5.5 ಸೆಂ.ಮೀ. ದಾಟಿದರೆ ಕಷ್ಟ, ಅಲ್ಲಿಂದ ಮೇಲೆ ಕ್ಯಾಪ್ ಹಿಂದಕ್ಕೆ ಬಾಗುತ್ತದೆ ಅಂತ. ಸರಿ, ಚಿಕ್ಕದು ಮಾಡಿ ಅಂದೆ. ಆದರೆ ಹೆಸರಿನ ಕೆಳಗಿನ ಸಾಲಿನ ಅಕ್ಷರಗಳು 9 ಸೆಂ.ಮೀ. ಲೋಗೋದಲ್ಲೇ 6 ಮಿ.ಮೀ. ಎತ್ತರ. 5.5ಕ್ಕೆ ಇಳಿಸಿದರೆ 4 ಮಿ.ಮೀ.ಗಿಂತ ಕಡಿಮೆ. ಅಷ್ಟು ಚಿಕ್ಕ ಅಕ್ಷರವನ್ನು ದಾರದಲ್ಲಿ ಹೊಲಿದರೆ ಒಳಗಿನ ಜಾಗ ಮುಚ್ಚಿಹೋಗುತ್ತದೆ, ಓದಕ್ಕೆ ಆಗಲ್ಲ. ಇಷ್ಟು ಸಾಲದು ಅಂತ, ಡಿಸೈನರ್ ಆರು ತುಂಡಿನ ಕ್ಯಾಪಿನ ನಡು ಹೊಲಿಗೆಯನ್ನೇ ಚಿತ್ರದಲ್ಲಿ ಅಳಿಸಿದ್ದ!

ಮನೆಗೆ ಬಂದು ಟೀ ಶರ್ಟ್ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಲೋಗೋದಲ್ಲಿ ಒಂದು ಅಡ್ಡ ಗೆರೆ ಇದೆ. ಎದೆಯ ಮೇಲೆ ಆಳವಾದ ಮಡಿಕೆ ಇದೆ. ಗೆರೆ ಆ ಮಡಿಕೆಯ ಮೇಲೆ ಸ್ಕೇಲ್ ಇಟ್ಟು ಎಳೆದ ಹಾಗೆ ನೆಟ್ಟಗೆ ಹೋಗಿದೆ. ನೆರಳು ಬಿದ್ದಿದೆ, ಗೆರೆ ಬಾಗಿಲ್ಲ. ಫೋಟೋಶಾಪ್‌ನಲ್ಲಿ ಲೋಗೋ ಲೇಯರನ್ನು Multiply ಮಾಡಿದರೆ ಬಟ್ಟೆಯ ನೆರಳು ತಾನಾಗೇ ಕಾಣುತ್ತದೆ, ಅದನ್ನೇ ನಾನು ನಂಬಿದ್ದು. ಗೆರೆ ಮಡಿಕೆ ಜೊತೆ ಬಾಗಬೇಕಾದರೆ ಬಟ್ಟೆಯ ಕಪ್ಪು ಬಿಳುಪು ಪ್ರತಿ ಮಾಡಿ, ಸ್ವಲ್ಪ ಮಸುಕಾಗಿಸಿ, Displace ಫಿಲ್ಟರ್‌ಗೆ ಕೊಡಬೇಕು. ಆತ ಆ ಕೆಲಸ ಮಾಡೇ ಇಲ್ಲ.

ಕೇಳಿದ್ದಕ್ಕೆ ಬಂದ ಉತ್ತರ: "ಮಾಕಪ್ ಅಂದ್ರೆ ಐಡಿಯಾ ಬರಲಿ ಅಂತ ಅಷ್ಟೇ. ನೀವೇ ಓಕೆ ಅಂದ್ರಲ್ಲ?"

ಹೌದು, ನಾನೇ ಓಕೆ ಅಂದೆ. ಅದೇ ಜಾಸ್ತಿ ನೋಯುವುದು.

ಓಕೆ ಅನ್ನುವ ಮೊದಲು ಅಗಲ, ಎತ್ತರ, ಕಾಲರ್‌ನಿಂದ ಎಷ್ಟು ಕೆಳಗೆ ಅನ್ನುವುದನ್ನು ಸೆಂಟಿಮೀಟರಿನಲ್ಲಿ ಬರೆಸಿಕೊಳ್ಳಿ. ಲೋಗೋವನ್ನು ಅದೇ ಅಳತೆಗೆ ಕಾಗದದಲ್ಲಿ ಪ್ರಿಂಟ್ ತೆಗೆದು, ಕತ್ತರಿಸಿ, ನಿಜವಾದ ಕ್ಯಾಪಿನ ಮೇಲೆ ಇಟ್ಟು ನೋಡಿ. ನಾನು ಇದನ್ನು ಮಾಡಿದ್ದು ಹಣ ಕೊಟ್ಟ ಮೇಲೆ. ಕಾಗದ ಕ್ಯಾಪ್ ಬಾಗುವ ಜಾಗವನ್ನು ದಾಟಿ ಹೋಯಿತು.