ಸಾರಕ್ಕಾಗಿ ಕೇಳುವುದೋ, ಪದಪದವಾಗಿ ಕೇಳುವುದೋ: ಮಲಯಾಳ ಪಾಡ್‌ಕಾಸ್ಟ್‌ನೊಂದಿಗೆ ನಾಲ್ಕು ವಾರ

ಕೇರಳದ ಕಾಸರಗೋಡು ಜಿಲ್ಲೆಯಲ್ಲಿರುವ ನಮ್ಮ ಬದಿಯಡ್ಕದ ಪೇಟೆಯಲ್ಲಿ ವ್ಯವಹರಿಸುವಷ್ಟು ಮಲಯಾಳ ನನಗೆ ಮೊದಲಿನಿಂದಲೂ ಬರುತ್ತಿತ್ತು. ಆದರೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಕೊಲ್ಲಂ ಕಡೆಗೆ ವರ್ಗವಾದಾಗ, ಅಲ್ಲಿಯವರ ವೇಗದ ಮಾತು ಮತ್ತು ಸುದ್ದಿಯ ಭಾಷೆ ಎರಡೂ ಕಿವಿಗೆ ದಕ್ಕುವುದಿಲ್ಲವೆಂಬುದು ಗೊತ್ತಾಯಿತು. ಹೊರಡುವುದಕ್ಕೆ ಮುಂಚಿನ ನಾಲ್ಕು ವಾರಗಳಲ್ಲಿ ಎಂಟು ನಿಮಿಷದ ಸುದ್ದಿ ಪಾಡ್‌ಕಾಸ್ಟ್‌ಗಳನ್ನು ಎರಡು ಬಗೆಯಲ್ಲಿ, ಎರಡೆರಡು ವಾರ, ಕೇಳಿ ನೋಡಿದೆ.

ಮೊದಲನೆಯದು ಸಾರಕ್ಕಾಗಿ ಕೇಳುವ ಕ್ರಮ. ಕಂತನ್ನು ಎಲ್ಲಿಯೂ ನಿಲ್ಲಿಸದೆ ಮೂರು ಸಲ ಕೇಳಿ, ಪ್ರತಿ ಸಲವೂ ಯಾರು, ಏನು ಮಾಡಿದರು, ಕೊನೆಗೆ ಏನಾಯಿತು ಎಂಬುದನ್ನು ಕನ್ನಡದಲ್ಲಿ ಎರಡು ವಾಕ್ಯಗಳಾಗಿ ಬರೆಯುವುದು. ಎರಡನೆಯ ಕ್ರಮದಲ್ಲಿ ಒಂದೇ ನಿಮಿಷದ ತುಣುಕನ್ನು ಆರಿಸಿ, ಹತ್ತು ಸೆಕೆಂಡು ಹಿಂದೆ ಹೋಗುವ ಗುಂಡಿಯನ್ನು ಒತ್ತುತ್ತ, ಕೇಳಿದ್ದನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು. ಐದು ಸಲ ಕೇಳಿಯೂ ತಿಳಿಯದ ಪದದ ಜಾಗವನ್ನು ಖಾಲಿ ಬಿಡುವುದು. ಮಲಯಾಳದ 'ಮೞ', 'ವೞಿ'ಗಳಿಗೆ ನಮ್ಮ ಹಳಗನ್ನಡದ ೞಕಾರ ಹೇಳಿ ಮಾಡಿಸಿದಂತೆ ಒದಗಿತು. ವೇಗವನ್ನು ಮುಕ್ಕಾಲಿಗೆ ಇಳಿಸಿದ್ದು ಮಾತ್ರ ಪ್ರಯೋಜನಕ್ಕೆ ಬರಲಿಲ್ಲ. ಪದಗಳು ಬಿಡಿಯಾಗುವ ಬದಲು ಎಳೆದಂತಾದುವು.

ಸಾರದ ಕ್ರಮ ಮೊದಲ ವಾರ ಬಹಳ ಸುಲಭವೆನಿಸಿತು, ಮತ್ತು ಕನ್ನಡಿಗನಿಗೆ ಅಪಾಯವಿರುವುದು ಈ ಸುಲಭದಲ್ಲಿಯೇ. ಸುದ್ದಿಯ ಮಲಯಾಳದಲ್ಲಿ ಸಂಸ್ಕೃತ ಪದಗಳು ಹೇರಳವಾಗಿರುವುದರಿಂದ ಅವು ಕಿವಿಗೆ ಬಿದ್ದೊಡನೆ ವಿಷಯ ತಿಳಿದಂತೆ ಅನಿಸುತ್ತದೆ. ಒಂದು ಸಹಕಾರಿ ಸಂಘದ ಕುರಿತ ಕಂತನ್ನು ಕೇಳಿ ನಾನು ಬರೆದುಕೊಂಡದ್ದು ಹೀಗಿತ್ತು: 'ಆಡಳಿತ ಸಮಿತಿಯ ಕಾಗದಪತ್ರಗಳ ಅನುವಾದ ಇಲ್ಲದೆ ಜಗಳವಾಯಿತು, ಅಧ್ಯಕ್ಷರು ರಾಜಿ ಮಾಡಿಕೊಂಡರು.' ಎರಡನೆಯ ಸಲವೂ ಮೂರನೆಯ ಸಲವೂ ಅದನ್ನೇ ಬರೆದೆ, ಸಲದಿಂದ ಸಲಕ್ಕೆ ಹೆಚ್ಚು ಖಚಿತವಾಗಿ. ಕನ್ನಡ ಅನುವಾದವಿಲ್ಲದ ಕಾಗದಗಳು ಕೈಗೆ ಬರುವುದು ನಮ್ಮ ಊರಿನ ಹಳೆಯ ದೂರಾದ್ದರಿಂದ ನನಗೆ ಸಂಶಯವೇ ಹುಟ್ಟಲಿಲ್ಲ.

ಎರಡು ವಾರ ಕಳೆದು ಅದೇ ಕಂತಿನ ಆ ನಿಮಿಷವನ್ನು ಪದಪದವಾಗಿ ಬರೆದೆ: 'ಭರಣಸಮಿತಿಯುಡೆ ಅನುವಾದಮಿಲ್ಲಾತೆ ____ ಕೊಡುತ್ತತಿನಾಲ್ ಪ್ರಸಿಡೆಂಟ್ ರಾಜಿವೆಚ್ಚು.' ಇದನ್ನು ನೆರೆಮನೆಯ ನಿವೃತ್ತ ಮಲಯಾಳ ಮಾಸ್ತರರಿಗೆ ತೋರಿಸಿದಾಗ ಅವರು ಖಾಲಿ ಜಾಗದಲ್ಲಿ 'ವಾಯ್ಪ' ಎಂದು ತುಂಬಿಸಿ, ಅದು ಸಾಲ ಎಂದರು. ಮಲಯಾಳದಲ್ಲಿ 'ಅನುವಾದಂ' ಎಂದರೆ ಅನುಮತಿ. 'ರಾಜಿ' ಎಂದರೆ ರಾಜೀನಾಮೆ. ಸಮಿತಿಯ ಅನುಮತಿಯಿಲ್ಲದೆ ಸಾಲ ಕೊಟ್ಟದ್ದರಿಂದ ಅಧ್ಯಕ್ಷರು ರಾಜೀನಾಮೆ ಕೊಟ್ಟಿದ್ದರು. ನನ್ನ ಸಾರದಲ್ಲಿ ಸಾಲದ ಸುಳಿವೇ ಇರಲಿಲ್ಲ. 'ಪಕ್ಷೇ' ಎಂದರೆ 'ಆದರೆ' ಎಂಬುದು ಪೇಟೆಯ ಮಾತಿನಲ್ಲಿ ಗೊತ್ತಿದ್ದರೂ, ಸುದ್ದಿಯ ವೇಗದಲ್ಲಿ ಅದು ಎಷ್ಟೋ ಸಲ ರಾಜಕೀಯ ಪಕ್ಷವಾಗಿ ಕೇಳಿಸಿತ್ತು.

ಹಾಗೆಂದು ಪದಪದವಾಗಿ ಕೇಳುವುದೇ ಮೇಲೆಂದು ನಾನು ಹೇಳಲಾರೆ. ಒಂದು ನಿಮಿಷಕ್ಕೆ ನಲವತ್ತು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಸಾರದ ಕ್ರಮದಲ್ಲಿ ಇಡೀ ಕಂತು ಮೂರು ಸಲ ಮುಗಿದಿರುತ್ತದೆ. ಇದಕ್ಕಿಂತ ದೊಡ್ಡ ತೊಡಕು ಕ್ರಿಯಾಪದದ್ದು. ನಮ್ಮ 'ಹೇಳಿದನು', 'ಹೇಳಿದಳು', 'ಹೇಳಿದೆನು' ಎಲ್ಲಕ್ಕೂ ಮಲಯಾಳದಲ್ಲಿ 'ಪರಞ್ಞು' ಎಂಬ ಒಂದೇ ರೂಪ. ಕ್ರಿಯಾಪದದ ಕೊನೆಯಲ್ಲಿ ಕರ್ತೃವನ್ನು ಹುಡುಕುವ ಕನ್ನಡದ ಕಿವಿಗೆ ಅಲ್ಲಿ ಏನೂ ಸಿಗುವುದಿಲ್ಲ. ಯಾರು ಹೇಳಿದರೆಂಬುದನ್ನು ಎರಡು ಮೂರು ವಾಕ್ಯ ಹಿಂದಿನಿಂದ ಹಿಡಿದುಕೊಂಡು ಬರಬೇಕು. ಒಂದು ನಿಮಿಷವನ್ನು ಕತ್ತರಿಸಿ ಕೇಳುವವನಿಗೆ ಆ ಹಿಂದಿನದು ಇರುವುದಿಲ್ಲ. ತಪ್ಪಿಲ್ಲದೆ ಬರೆದ ಒಂದು ಪುಟವನ್ನು ನೋಡಿ, "ಇದನ್ನು ಹೇಳಿದವರು ಯಾರು, ಮಂತ್ರಿಯೋ ವಿರೋಧಿಗಳೋ?" ಎಂದು ಮಾಸ್ತರರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಈಗ ನಾನು ಒಂದು ಸಲ ಮಾತ್ರ ಸಾರಕ್ಕಾಗಿ ಕೇಳಿ ಎರಡು ವಾಕ್ಯ ಬರೆಯುತ್ತೇನೆ. ಆ ವಾಕ್ಯಗಳು ಯಾವ ಪದಗಳ ಮೇಲೆ ನಿಂತಿವೆಯೋ ಅವುಗಳ ಅಡಿಗೆ ಗೆರೆ ಎಳೆದು, ಅವು ಬಂದ ಒಂದೆರಡು ವಾಕ್ಯಗಳನ್ನಷ್ಟೇ ಪದಪದವಾಗಿ ಬರೆದು, ನಿಘಂಟು ನೋಡಿ, ಮತ್ತೆ ಇಡೀ ಕಂತನ್ನು ಕೇಳುತ್ತೇನೆ. ಕೊನೆಯ ಸಲ ಬರೆದದ್ದರಲ್ಲಿ ಒಂದು ಹೊಸ ಹೆಸರೋ ಕ್ರಿಯಾಪದವೋ ಸೇರದಿದ್ದರೆ ನಾನು ಕೇಳಿದ್ದು ಪಾಡ್‌ಕಾಸ್ಟನ್ನಲ್ಲ, ನನ್ನ ಮೊದಲ ಊಹೆಯನ್ನು ಎಂದು ಲೆಕ್ಕ. ಇಬ್ಬರು ಒಬ್ಬರ ಮೇಲೊಬ್ಬರು ಮಾತನಾಡುವ ಹರಟೆಯ ಕಂತುಗಳಲ್ಲಿ ಈ ಕ್ರಮ ನಡೆಯಲಿಲ್ಲ. ಅಲ್ಲಿ ನನ್ನ ಪುಟದಲ್ಲಿ ಅಕ್ಷರಗಳಿಗಿಂತ ಖಾಲಿ ಜಾಗಗಳೇ ಹೆಚ್ಚಾಗಿದ್ದುವು.